ಮೆಕ್ಯಾನಿಕ್ ಬೇಕು, ಡಾಕ್ಟರ್ ಬೇಕು: ಬಾಗಲಕೋಟೆಯಲ್ಲಿ ಗೆಳೆಯರನ್ನು ಕೇಳುವ ಕ್ರಮ

‘ಬಾಗಲಕೋಟ್ಯಾಗ ಚೊಲೋ ಮೆಕ್ಯಾನಿಕ್ ಯಾರದಾರ್ರಿ?’ ಅಂತ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಕೇಳಿ ನೋಡಿ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಏಳೆಂಟು ಉತ್ತರ ಬಂದಿರುತ್ತವೆ. ಒಬ್ಬರು ಹಳೆ ಊರಿನ ಬುಲೆಟ್ ಮಿಸ್ತ್ರಿಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಗದ್ದನಕೇರಿ ಕ್ರಾಸಿನಲ್ಲಿ ಲಾರಿ ರಿಪೇರಿ ಮಾಡುವವರನ್ನು ತೋರಿಸುತ್ತಾರೆ, ಮತ್ತೊಬ್ಬರು ‘ಶೋರೂಮಿಗೇ ಕೊಡ್ರಿ’ ಅನ್ನುತ್ತಾರೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಆದರೆ ನಿಮ್ಮದು ನಾಲ್ಕು ವರ್ಷದ ಸ್ಕೂಟರ್, ಅದು ನವನಗರದಲ್ಲಿದೆ, ಬಿಸಿಯಾದಾಗ ಬಂದ್ ಬೀಳುತ್ತದೆ ಎಂಬ ಮೂರು ಸಂಗತಿ ಅವರಿಗೆ ಗೊತ್ತೇ ಇಲ್ಲ. ಹೀಗಾಗಿ ಪ್ರತಿಯೊಬ್ಬರೂ ತಮಗೆ ಯಾವಾಗಲೋ ಉಪಯೋಗಕ್ಕೆ ಬಂದವರ ಹೆಸರು ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಪ್ರಶ್ನೆ ಹೇಗಿರಬೇಕೆಂದರೆ, ಗೊತ್ತಿಲ್ಲದವರು ಅದನ್ನು ಓದಿ ಸುಮ್ಮನಾಗಬೇಕು. ಅದೇ ತೊಂದರೆ ಅನುಭವಿಸಿದವರು ಮಾತ್ರ ಬಾಯಿ ಬಿಡಬೇಕು. ಅಂಥ ಪ್ರಶ್ನೆ ಕೇಳುವುದು ಹೇಗೆಂದು ಗೆಳೆಯನೊಬ್ಬನ ಸ್ಕೂಟರನ್ನೇ ಇಟ್ಟುಕೊಂಡು ಹೇಳುತ್ತೇನೆ. ಡಾಕ್ಟರ್ ವಿಷಯ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

1. ಕೇಳುವ ಮುಂಚೆ ಗಾಡಿಯನ್ನು ಗಮನಿಸಿ

ಗೆಳೆಯನ ಗಾಡಿ 2021ರ 125 ಸಿಸಿ ಸ್ಕೂಟರ್. ಮುಂಜಾನೆ ಸೆಲ್ಫ್ ಸ್ಟಾರ್ಟ್ ಗುಂಡಿ ಒಮ್ಮೆ ಒತ್ತಿದರೆ ಚಾಲೂ ಆಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲೆ ಒಮ್ಮೆಲೇ ಬಂದ್ ಬೀಳುತ್ತದೆ. ಕಾಲು ತಾಸು ನೆರಳಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ. ಅವನು ಮನೆ ಹತ್ತಿರದ ಗ್ಯಾರೇಜಿನಲ್ಲಿ ‘ಗಾಡಿ ಬಂದ್ ಬೀಳ್ತೈತಿ’ ಅಂದ. ಅವರು ಪ್ಲಗ್ ಬದಲಿಸಿದರು. ಮತ್ತೆ ಹೋದಾಗ ಏರ್ ಫಿಲ್ಟರ್ ಬದಲಿಸಿದರು. ಗಾಡಿ ಗ್ಯಾರೇಜಿಗೆ ಹೋಗುವಾಗ ತಣ್ಣಗಿರುತ್ತಿತ್ತು, ಅಲ್ಲಿ ಚೊಲೋ ಓಡುತ್ತಿತ್ತು. ಮಿಸ್ತ್ರಿಯಾದರೂ ಏನು ಹಿಡಿದಾನು?

ಬಿಸಿಯಾದಾಗ ಮಾತ್ರ ಬರುವ ತೊಂದರೆಗೆ ಕೆಲವೇ ಕಾರಣಗಳಿವೆ. ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕಾದಾಗ ಕೈಕೊಡುತ್ತಿರಬಹುದು. ಗಾಡಿಯೊಳಗಿನ ಪೆಟ್ರೋಲ್ ಪಂಪ್ ಕೆಟ್ಟಿರಬಹುದು ಅಥವಾ ಅದಕ್ಕೆ ಹೋಗುವ ವೈರಿನ ಜೋಡಣೆ ಸಡಿಲಾಗಿರಬಹುದು. ವಾಲ್ವ್ ಸೆಟ್ಟಿಂಗ್ ಬಿಗಿಯಾಗಿರಬಹುದು. ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿರಬಹುದು. ಇವುಗಳಲ್ಲಿ ಯಾವುದೆಂದು ಹೇಳುವುದು ನಿಮ್ಮ ಕೆಲಸವಲ್ಲ. ಆದರೆ ಗಾಡಿ ಬಂದ್ ಬಿದ್ದ ಆ ಹೊತ್ತಿನಲ್ಲಿ ಅಲ್ಲಿರುವವರು ನೀವೊಬ್ಬರೇ. ಎರಡು ಸಂಗತಿಯನ್ನು ಆಗಲೇ ನೋಡಿಟ್ಟುಕೊಳ್ಳಬಹುದು.

ಮೊದಲನೆಯದು, ಗಾಡಿ ನಿಂತ ಕೂಡಲೇ ಚಾವಿ ತಿರುಗಿಸಿ ಬಂದ್ ಮಾಡಿ, ಮತ್ತೆ ಆನ್ ಮಾಡಿ ಕಿವಿಗೊಡಿ. ಪೆಟ್ರೋಲನ್ನು ಒತ್ತಡದಿಂದ ಎಂಜಿನ್ನಿಗೆ ಸಿಂಪಡಿಸುವ ಇಂಜೆಕ್ಷನ್ ಇರುವ ಗಾಡಿಯಲ್ಲಿ ಚಾವಿ ಆನ್ ಮಾಡಿದಾಗ ಪೆಟ್ರೋಲ್ ಪಂಪ್ ಎರಡು ಮೂರು ಸೆಕೆಂಡ್ ‘ಗುಂಯ್’ ಅನ್ನುತ್ತದೆ. ಮುಂಜಾನೆ ಕೇಳಿಸುವ ಆ ಸಪ್ಪಳ ಮಧ್ಯಾಹ್ನ ಬಂದ್ ಬಿದ್ದಾಗ ಕೇಳಿಸದಿದ್ದರೆ ದೋಷ ಪಂಪಿನ ಕಡೆ ಅಥವಾ ಅದಕ್ಕೆ ಕರೆಂಟ್ ಹೋಗುವ ದಾರಿಯಲ್ಲಿದೆ. ಸಪ್ಪಳ ಬಂದರೂ ಚಾಲೂ ಆಗದಿದ್ದರೆ ಅನುಮಾನ ಕಿಡಿಯ ಕಡೆ ಹೊರಳುತ್ತದೆ. ಎರಡನೆಯದು, ಪೆಟ್ರೋಲ್ ಮುಚ್ಚಳ ತೆಗೆಯಿರಿ. ಬಿಸಿ ಸೈಲೆನ್ಸರಿನಿಂದ, ಬೀಡಿ ಸಿಗರೇಟಿನಿಂದ ದೂರ ನಿಂತೇ ತೆಗೆಯಿರಿ. ‘ಸುಸ್’ ಎಂದು ಗಾಳಿ ಒಳಗೆಳೆದುಕೊಂಡು ಆಮೇಲೆ ಗಾಡಿ ಚಾಲೂ ಆದರೆ ಟ್ಯಾಂಕಿನ ಗಾಳಿದಾರಿ ಕಟ್ಟಿದೆ ಎಂದರ್ಥ. ಅದು ದೊಡ್ಡ ರಿಪೇರಿಯೇ ಅಲ್ಲ.

ನಮ್ಮ ಗೆಳೆಯನಿಗೆ ಮುಚ್ಚಳ ತೆಗೆದರೂ ಫರಕ್ ಕಾಣಲಿಲ್ಲ. ಪಂಪಿನ ಸಪ್ಪಳ ಮಾತ್ರ ಬರಲಿಲ್ಲ. ಈ ಒಂದು ಸಾಲು ಅವನ ಪ್ರಶ್ನೆಯ ಬೆಲೆಯನ್ನೇ ಬದಲಿಸಿತು.

2. ಗಾಡಿಯ ವಯಸ್ಸು ಹೇಳಲೇಬೇಕು

ಕಂಪನಿ ಯಾವುದು, ಬಣ್ಣ ಯಾವುದು ಎಂದು ಬರೆಯುವವರು ಇಸವಿ ಬರೆಯುವುದಿಲ್ಲ. ಬೇಕಾಗುವುದು ಇಸವಿಯೇ. ಏಪ್ರಿಲ್ 1, 2020ರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಅಲ್ಲಿಂದಾಚೆಗಿನ ಬೈಕ್, ಸ್ಕೂಟರುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೋರೇಟರ್ ಇಲ್ಲ, ಇಂಜೆಕ್ಷನ್ ಇದೆ. ಕಾರ್ಬೋರೇಟರನ್ನು ಕಿವಿಯಲ್ಲೇ ಕೇಳಿ ಟ್ಯೂನ್ ಮಾಡುವ ಹಳೆಯ ಮಿಸ್ತ್ರಿ ನಿಜಕ್ಕೂ ಚೊಲೋ ಇರಬಹುದು. ಆದರೆ ಇಂಜೆಕ್ಷನ್ ಗಾಡಿಯ ದೋಷ ಓದಲು ಸ್ಕ್ಯಾನರ್ ಬೇಕು, ಕರೆಂಟ್ ಅಳೆಯಲು ಮೀಟರ್ ಹಿಡಿದು ಗೊತ್ತಿರಬೇಕು. 2014ರ ಸ್ಪ್ಲೆಂಡರ್ ಇಟ್ಟುಕೊಂಡವರ ಶಿಫಾರಸು 2021ರ ಸ್ಕೂಟರಿಗೆ ಒಗ್ಗದಿರುವುದು ಇದೇ ಕಾರಣಕ್ಕೆ. ಮೀಟರ್ ಬೋರ್ಡಿನ ಮೇಲೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಯೇ ಉಳಿದರೆ ಅಥವಾ ಮಿಣುಕುತ್ತಿದ್ದರೆ ಅದನ್ನೂ ಬರೆಯಿರಿ.

ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಕಂಪನಿ ಸರ್ವಿಸಿಗೆ ಹೋಗಿ. ಹೊರಗೆ ವೈರ್ ಬಿಚ್ಚಿಸಿದರೆ ವಾರಂಟಿ ಕಳೆದುಕೊಳ್ಳುವ ಸಂಭವ ಇದೆ. ಬ್ಯಾಟರಿ ಸ್ಕೂಟರ್ ಇದ್ದವರಿಗೂ ಇದೇ ಮಾತು.

3. ಊರಿನ ಹೆಸರು ಸಾಲದು

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಡೆಯಾಗುತ್ತದೆಂದು ನವನಗರ ಕಟ್ಟಿದ ಮೇಲೆ ಬಾಗಲಕೋಟೆ ಅನ್ನುವುದು ಒಂದೇ ಹೆಸರಿನ ಮೂರು ಊರು: ಹಳೆ ಬಾಗಲಕೋಟೆ, ವಿದ್ಯಾಗಿರಿ, ನವನಗರ. ನಡುವೆ ಕಿಲೋಮೀಟರುಗಟ್ಟಲೆ ದಾರಿ. ನವನಗರದಲ್ಲಿ ಕೆಟ್ಟು ನಿಂತ ಗಾಡಿಗೆ ಹಳೆ ಊರಿನ ಗಲ್ಲಿಯ ಮಿಸ್ತ್ರಿಯನ್ನು ತೋರಿಸಿದರೆ ಅದನ್ನು ತಳ್ಳಿಕೊಂಡು ಹೋಗುವವರು ಯಾರು?

ಅದಕ್ಕೆ ಜಾಗ ಹೇಳುವಾಗ ಮೂರು ಮಾತು ಜೋಡಿಸಿ ಹೇಳಬೇಕು. ನೀವು ಎಲ್ಲಿದ್ದೀರಿ, ಎಲ್ಲಿಯವರೆಗೆ ಬರಬಲ್ಲಿರಿ, ಗಾಡಿ ತನ್ನ ಕಾಲ ಮೇಲೆ ಬರುತ್ತದೆಯೇ ಇಲ್ಲವೇ. ನವನಗರದವರಾದರೆ ಸೆಕ್ಟರ್ ನಂಬರ್ ಹಾಕಿ, ಆದರೆ ಅದರ ಜೊತೆಗೆ ಎಲ್ಲರಿಗೂ ಗೊತ್ತಿರುವ ಒಂದು ಗುರುತನ್ನೂ ಹೇಳಿ. ಹಳೆ ಊರಿನವರಿಗೆ ಸೆಕ್ಟರ್ ಲೆಕ್ಕ ಇವತ್ತಿಗೂ ಬಾಯಿಪಾಠವಾಗಿಲ್ಲ. ಗಾಡಿ ಚಾಲೂ ಆಗುತ್ತಲೇ ಇಲ್ಲವೆಂದರೆ ಪ್ರಶ್ನೆಯೇ ಬೇರೆ: ‘ಮನಿಗೆ ಬಂದು ನೋಡೋ ಮಿಸ್ತ್ರಿ ಯಾರರ ಅದಾರೇನು, ಇಲ್ಲಾ ಟಾಟಾ ಏಸ್‌ನಾಗ ಹಾಕ್ಕೊಂಡ ಹೋಗಬೇಕೋ’ ಅಂತ ಕೇಳಬೇಕು. ಸುತ್ತಲಿನ ಹಳ್ಳಿಯಿಂದ ಬರುವವರು ವಾರ, ವೇಳೆಯನ್ನೂ ಹೇಳಬೇಕು. ಸಂತೆಯ ದಿನ ಊರಿಗೆ ಬಂದು ಸಂಜೆ ಬಸ್ಸಿಗೆ ವಾಪಸ್ ಹೋಗುವವರಿಗೆ ‘ಗಾಡಿ ಬಿಟ್ಟು ಹೋಗ್ರಿ, ನಾಳೆ ನೋಡೂಣು’ ಅನ್ನುವ ಗ್ಯಾರೇಜು ಎಷ್ಟು ಚೊಲೋ ಇದ್ದರೂ ಉಪಯೋಗಕ್ಕಿಲ್ಲ.

4. ಬರೆದದ್ದು ಹೀಗೆ

ಗೆಳೆಯ ಕೊನೆಗೆ ಕಳಿಸಿದ ಸಂದೇಶ ಇದು:

‘ನಮಸ್ಕಾರ್ರಿ ಎಲ್ಲಾರಿಗೂ. 2021ರ 125 ಸಿಸಿ ಸ್ಕೂಟರ್, ಬಿಎಸ್-6, 38 ಸಾವಿರ ಕಿಲೋಮೀಟರ್ ಓಡೇತಿ. ಮುಂಜಾನೆ ಒಂದ ಸೆಲ್ಫಿಗೆ ಚಾಲೂ ಆಗ್ತೈತಿ. ಮಧ್ಯಾಹ್ನ ಬಿಸಲಾಗ ಎಂಟ್ಹತ್ತ ಕಿಲೋಮೀಟರ್ ಹೋದ ಮ್ಯಾಲ ಬಂದ್ ಬೀಳ್ತೈತಿ, ಕಾಲ್ ತಾಸ ಬಿಟ್ರ ಮತ್ತ ಚಾಲೂ. ಬಂದ್ ಬಿದ್ದಾಗ ಚಾವಿ ಹಾಕಿದ್ರ ಪಂಪಿನ ಸಪ್ಪಳ ಬರಂಗಿಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸಾವು ಹಾಕ್ಸೇನಿ, ತೊಂದ್ರಿ ಹೋಗಿಲ್ಲ. ಇಂಥಾದ್ದು ನಿಮ್ಮ ಗಾಡಿಗೆ ಬಂದು ರಿಪೇರಿ ಆಗಿದ್ರ ಆ ಮಿಸ್ತ್ರಿ ಯಾರು, ಎಲ್ಲಿ ಅಂತ ಹೇಳ್ರಿ. ಸ್ಕ್ಯಾನರ್ ಇರೂ ಗ್ಯಾರೇಜ್ ಬೇಕು. ನಾ ನವನಗರ ಬಸ್ ಸ್ಟ್ಯಾಂಡ್ ಹತ್ರ ಇರ್ತೀನಿ. ನವನಗರ, ವಿದ್ಯಾಗಿರಿ ಆದ್ರ ಚೊಲೊ, ಹಳೆ ಊರಿಗೂ ಬರ್ತೀನಿ. ಗಾಡಿ ಅಲ್ಲೀತನ ಬರ್ತೈತಿ.’

ಇದರಲ್ಲಿ ಎರಡು ಸಾಲು ಹೆಚ್ಚಿನ ಕೆಲಸ ಮಾಡುತ್ತವೆ. ‘ಹೊಸಾವು ಹಾಕ್ಸೇನಿ, ತೊಂದ್ರಿ ಹೋಗಿಲ್ಲ’ ಅನ್ನುವುದರಿಂದ ‘ಪ್ಲಗ್ ನೋಡ್ರಿ’ ಅನ್ನುವ ಉತ್ತರಗಳು ನಿಲ್ಲುತ್ತವೆ. ‘ನಿಮ್ಮ ಗಾಡಿಗೆ ಬಂದು ರಿಪೇರಿ ಆಗಿದ್ರ’ ಅನ್ನುವುದರಿಂದ ಕೇಳಿದ ಮಾತು ಹೇಳುವವರು ಹಿಂದೆ ಸರಿಯುತ್ತಾರೆ. ಇಡೀ ಸಂದೇಶ ಫೋನಿನ ಒಂದು ಪರದೆಯಲ್ಲಿ ಹಿಡಿಯುತ್ತದೆ. ಅದಕ್ಕಿಂತ ಉದ್ದವಾದರೆ ಜನ ಮೇಲಿನ ಸಾಲು ಓದಿ ಬಿಟ್ಟುಬಿಡುತ್ತಾರೆ. ಧ್ವನಿ ಸಂದೇಶ ಕಳಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆಫೀಸಿನಲ್ಲಿ ಕೂತವರು ಅದನ್ನು ತೆರೆಯುವುದೇ ಇಲ್ಲ, ಇನ್ನೊಬ್ಬರಿಗೆ ಕಳಿಸಿದಾಗ ಅದರಿಂದ ಊರು, ಇಸವಿ ಹೆಕ್ಕುವುದೂ ಕಷ್ಟ.

ಗುಂಪಿಗೆ ಹಾಕಿ ಕೂರುವ ಬದಲು ದಿನವಿಡೀ ಗಾಡಿ ಓಡಿಸುವ ಇಬ್ಬರಿಗೆ ನೇರವಾಗಿ ಕಳಿಸಿ. ಔಷಧ ಕಂಪನಿಯ ರೆಪ್‌ಗಳು, ಎಲ್‌ಐಸಿ ಏಜೆಂಟರು, ಪಾರ್ಸೆಲ್ ಮುಟ್ಟಿಸುವ ಹುಡುಗರು, ಇವರ ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಹೋಗುತ್ತದೆ. ಹಾಗಾಗಿ ಯಾರ ಕೈ ಚೊಲೋ, ಯಾರು ಸುಮ್ಮನೆ ಸಾಮಾನು ಬದಲಿಸುತ್ತಾರೆ ಎಂಬುದು ಇವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

5. ಬಂದ ಹೆಸರನ್ನು ಮರುಪ್ರಶ್ನೆ ಮಾಡಿ

ಗೆಳೆಯನಿಗೆ ಮೂರು ಹೆಸರು ಬಂದವು. ಒಂದನ್ನು ಹೇಳಿದವರು ‘ನಮ್ಮ ಮಾವನ ಮಗಂದ ಗ್ಯಾರೇಜ್, ನನ್ನ ಹೆಸರ ಹೇಳು’ ಅಂದರು. ಬೀಗತನದ ಶಿಫಾರಸು ಕೆಟ್ಟದ್ದೇನಲ್ಲ, ಆದರೆ ಕೆಲಸ ಸರಿಯಾಗದಿದ್ದರೆ ಅಲ್ಲಿ ಜಗಳವಾಡಲೂ ಬರುವುದಿಲ್ಲ ಎಂಬುದನ್ನು ನೆನಪಿಡಿ. ಇನ್ನೊಬ್ಬರ ಅನುಭವ ಐದು ವರ್ಷ ಹಳೆಯದು, ಅದೂ ಕಾರ್ಬೋರೇಟರ್ ಬೈಕಿನದು. ಮೂರನೆಯವರು ರೆಪ್. ‘ನಂದೂ ಬಿಸಲಾಗ ಬಂದ್ ಬೀಳ್ತಿತ್ತು, ವಿದ್ಯಾಗಿರ್ಯಾಗ ತೋರ್ಸಿದ್ಯಾ, ಪಂಪ್ ಬದ್ಲಿ ಮಾಡೂದ ಬ್ಯಾಡ ಅಂದಾ, ವೈರ್ ಸರಿ ಮಾಡಿ ಕೊಟ್ಟಾ’ ಅಂದರು.

ಇಂಥ ಉತ್ತರ ಬಂದಾಗ ಕೇಳಬೇಕಾದದ್ದು: ಎಷ್ಟು ದಿನದ ಹಿಂದೆ, ಗಾಡಿ ಮತ್ತೆ ಅದೇ ತೊಂದರೆ ಕೊಟ್ಟಿತೇ, ಕೆಲಸ ಮಾಡಿದ್ದು ದೊಡ್ಡ ಮಿಸ್ತ್ರಿಯೋ ಹುಡುಗನೋ. ಕೊನೆಯದನ್ನು ಬಿಡಬೇಡಿ. ಗ್ಯಾರೇಜಿನ ಬೋರ್ಡು ಅದೇ ಇರುತ್ತದೆ, ಹೆಸರು ತಂದುಕೊಟ್ಟ ಕೈ ಬೇರೆ ಕಡೆ ಹೋಗಿ ಸ್ವಂತ ಅಂಗಡಿ ಹಾಕಿರುತ್ತದೆ. ಬದಲಿಸಿದ ಹಳೆ ಸಾಮಾನನ್ನು ಅವರು ಕೈಗೆ ಕೊಟ್ಟರೇ ಎಂದೂ ಕೇಳಿ. ಕೊಡುವ ಮಿಸ್ತ್ರಿ ಮುಚ್ಚಿಡುವವನಲ್ಲ.

ಗೆಳೆಯ ವಿದ್ಯಾಗಿರಿಗೆ ಹೋಗುವಾಗ ಗಾಡಿಯನ್ನು ತಣ್ಣಗೆ ಒಯ್ಯಲಿಲ್ಲ. ಮಧ್ಯಾಹ್ನ ಗದ್ದನಕೇರಿ ಕಡೆ ಓಡಿಸಿ, ಕಾದ ಗಾಡಿಯನ್ನೇ ಅಂಗಡಿ ಮುಂದೆ ನಿಲ್ಲಿಸಿದ. ಮಿಸ್ತ್ರಿ ಪಂಪಿಗೆ ಹೋಗುವ ವೈರಿಗೆ ಮೀಟರ್ ಹಿಡಿದ, ಕರೆಂಟ್ ಬರುತ್ತಿರಲಿಲ್ಲ. ಹುಡುಕಿದರೆ ವೈರುಗಳನ್ನು ಜೋಡಿಸುವ ಕಪ್ಲರ್‌ನ ಒಂದು ಪಿನ್ ಸುಟ್ಟು ಕಪ್ಪಾಗಿ ಸಡಿಲಾಗಿತ್ತು. ಕಾದಾಗ ಅದು ಸಂಪರ್ಕ ಬಿಡುತ್ತಿತ್ತು. ಕಪ್ಲರ್ ಬದಲಾಯಿತು, ಪಂಪ್ ಉಳಿಯಿತು.

6. ಡಾಕ್ಟರನ್ನು ಕೇಳುವಾಗ

ಇಲ್ಲಿ ಮೊದಲ ಮಾತು, ಕೆಲವಕ್ಕೆ ಗೆಳೆಯರನ್ನು ಕೇಳುತ್ತ ಕೂರಬಾರದು. ಎದೆನೋವು, ಉಸಿರು ಹಿಡಿಯುವುದು, ಒಮ್ಮೆಲೇ ಬಾಯಿ ಸೊಟ್ಟಗಾಗುವುದು, ಒಂದು ಕೈ ಕಾಲು ಬಲ ಕಳೆದುಕೊಳ್ಳುವುದು, ಹಾವು ಕಚ್ಚುವುದು, ಇವಕ್ಕೆ 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ಶುರುವಾದಾಗಿನಿಂದ ಸುಮಾರು ನಾಲ್ಕೂವರೆ ತಾಸು. ಆ ಹೊತ್ತಿನಲ್ಲಿ ಗೊತ್ತಿರಬೇಕಾದದ್ದು ಡಾಕ್ಟರ ಹೆಸರಲ್ಲ, ತೊಂದರೆ ಶುರುವಾದ ಗಳಿಗೆ.

ಇನ್ನು ನಿಧಾನದ ಕಾಯಿಲೆ. ನಮ್ಮ ಕಡೆ ಅತಿ ಹೆಚ್ಚು ಕೇಳುವ ಪ್ರಶ್ನೆ ಮೊಣಕಾಲು ನೋವಿನದು, ಅದನ್ನೇ ತೆಗೆದುಕೊಳ್ಳೋಣ. ‘ಮೊಣಕಾಲಿಗೆ ಚೊಲೋ ಡಾಕ್ಟರ್’ ಎಂದರೆ ಎಲುಬಿನ ಡಾಕ್ಟರ ಹೆಸರು ಬರುತ್ತದೆ, ಇಲ್ಲವೇ ಯಾವುದೋ ಹಳ್ಳಿಯಲ್ಲಿ ಎಣ್ಣೆ ತಿಕ್ಕಿ ಪಟ್ಟಿ ಕಟ್ಟುವವರ ವಿಳಾಸ ಬರುತ್ತದೆ. ಆದರೆ ಎಲ್ಲ ಮೊಣಕಾಲು ನೋವೂ ಸವೆತವಲ್ಲ. ಮುಂಜಾನೆ ಎದ್ದಾಗಿನ ಬಿಗಿತ ಅರ್ಧ ತಾಸಿನೊಳಗೆ ಹೋಗುತ್ತದೆ, ಪಾವಟಿಗಿ ಹತ್ತಿಳಿಯುವಾಗ ನೋವು ಹೆಚ್ಚು ಎಂದರೆ ಸಾಮಾನ್ಯವಾಗಿ ಸವೆತ. ಎಲುಬಿನ ಡಾಕ್ಟರೇ ಸರಿ. ಬಿಗಿತ ತಾಸುಗಟ್ಟಲೆ ಉಳಿಯುತ್ತದೆ, ಕೈಬೆರಳಿನ ಗೆಣ್ಣುಗಳೂ ಬಾತು ನೋಯುತ್ತವೆ ಎಂದರೆ ಅದು ಸಂಧಿವಾತ ಇರಬಹುದು. ಅದಕ್ಕೆ ರಕ್ತಪರೀಕ್ಷೆ ಮಾಡಿಸಿ ವರ್ಷಗಟ್ಟಲೆ ಮಾತ್ರೆ ಹೊಂದಿಸುವ ಫಿಜಿಶಿಯನ್ ಅಥವಾ ಸಂಧಿವಾತ ತಜ್ಞರು ಬೇಕು. ಕಾಲು ಕೆಂಪಾಗಿ ಬಿಸಿಯಾಗಿ ಬಾತು ಜ್ವರವೂ ಬಂದಿದ್ದರೆ ಅದೇ ದಿನ ತೋರಿಸಬೇಕು, ಶಿಫಾರಸಿಗೆ ಕಾಯಬಾರದು.

ಹೀಗಾಗಿ ಕಾಯಿಲೆಯ ಹೆಸರನ್ನು ನೀವೇ ಇಡದೆ, ಕಾಣುವುದನ್ನು ಬರೆಯಿರಿ. ನರ್ಸ್ ಆಗಿರುವ ಪರಿಚಯದ ಅಕ್ಕನಿಗೆ ಕಳಿಸುವುದಾದರೆ ಹೀಗೆ:

‘ಅಕ್ಕಾರ, ನಮ್ಮವ್ವಗ 62 ವರ್ಷ. ಎರಡೂ ಮೊಣಕಾಲು ಎಂಟ್ ತಿಂಗಳಿಂದ ನೋಯ್ತಾವು. ಮುಂಜಾನೆ ಹತ್ತ ನಿಮಿಷ ಬಿಗಿ ಇರ್ತಾವು, ಆಮ್ಯಾಲ ಸಡಲ ಆಗ್ತಾವು. ಪಾವಟಿಗಿ ಇಳಿಯೂವಾಗ ಭಾಳ ತ್ರಾಸ. ಕೈಬೆರಳ ನೋವಿಲ್ಲ. ಶುಗರ್ ಐತಿ. ಎಕ್ಸ್-ರೇ ಇನ್ನೂ ತಗಸಿಲ್ಲ. ಹಳೆ ಊರಾಗ ಇರ್ತೀವಿ, ಆಟೋದಾಗ ನವನಗರತನ ಕರ್ಕೊಂಡ ಬರಬಹುದು, ಬಸ್ ಹತ್ತಾಕ ಆಗಂಗಿಲ್ಲ. ಆಪರೇಶನ್ ಅನ್ನೂಕಿಂತ ಮೊದಲ ಸಮಾಧಾನಲೆ ನೋಡಿ ತಿಳಿಸಿ ಹೇಳೂ ಡಾಕ್ಟರ್ ಯಾರು? ನಿಮ್ಮ ಅವ್ವನ್ನ ನೀವು ಯಾರ ಕಡೆ ಕರ್ಕೊಂಡ ಹೋಗ್ತಿದ್ರಿ?’

ಕೊನೆಯ ಪ್ರಶ್ನೆ ಬೇಕೆಂದೇ ಹಾಕಿದ್ದು. ಆಸ್ಪತ್ರೆಯಲ್ಲಿ ದುಡಿಯುವವರಿಗೆ ತಮ್ಮಲ್ಲಿಗೇ ಬನ್ನಿ ಎನ್ನುವ ಮುಲಾಜು ಇರುತ್ತದೆ. ಸ್ವಂತ ತಾಯಿಯ ಮಾತು ಬಂದಾಗ ಆ ಮುಲಾಜು ಸಡಿಲಾಗುತ್ತದೆ.

ಗಾಡಿಯ ವಿಷಯದಲ್ಲಿ ಎಲ್ಲವನ್ನೂ ಗುಂಪಿಗೆ ಹಾಕಿದರೆ ಲಾಭವೇ ಹೊರತು ನಷ್ಟವಿಲ್ಲ. ದೇಹದ ವಿಷಯದಲ್ಲಿ ಹಾಗಲ್ಲ. ಗುಂಪಿನಲ್ಲಿ ಕೇಳಲೇಬೇಕಾದರೆ ವಯಸ್ಸು, ತೊಂದರೆ, ಜಾಗ ಇಷ್ಟೇ ಸಾಕು, ಯಾರಿಗೆ ಎಂಬುದು ಬೇಡ. ರಿಪೋರ್ಟಿನ ಫೋಟೋ ಹಾಕಲೇಬೇಡಿ. ಅದರ ಮೇಲ್ಭಾಗದಲ್ಲಿ ಹೆಸರು, ಫೋನ್ ನಂಬರ್ ಎಲ್ಲ ಇರುತ್ತದೆ. ಮುಟ್ಟಿನ ತೊಂದರೆ, ಮಕ್ಕಳಾಗದ ಚಿಂತೆ, ಮನಸ್ಸಿನ ಕಾಯಿಲೆ ಇವನ್ನು ಒಬ್ಬ ನಂಬಿಕಸ್ಥರ ಹತ್ತಿರ ಮಾತ್ರ ಕೇಳುವುದು ಒಳ್ಳೆಯದು. ಡಾಕ್ಟರ ಹೆಸರಿನ ಜೊತೆ ಪುಕ್ಕಟೆ ಬರುವ ಮಾತ್ರೆಯ ಹೆಸರನ್ನು ಅಲ್ಲೇ ಬಿಡಿ. ನೋವಿನ ಗುಳಿಗೆಗಳು ಶುಗರ್, ಬಿಪಿ ಇದ್ದವರ ಕಿಡ್ನಿಗೆ ತೊಂದರೆ ಮಾಡಬಹುದು.

7. ಡಾಕ್ಟರ್ ಯಾವ ವಾರ ಇರುತ್ತಾರೆ

ನಮ್ಮ ಜಿಲ್ಲೆಯಲ್ಲಿ ಕೆಲವು ತಜ್ಞರು ಇಲ್ಲಿಯ ನಿವಾಸಿಗಳಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ವಾರಕ್ಕೊಮ್ಮೆ ಅಥವಾ ತಿಂಗಳಿಗೆ ಎರಡು ಸಲ ಬಂದು ನೋಡಿ ಹೋಗುತ್ತಾರೆ. ಅವರು ಎಷ್ಟೇ ನುರಿತವರಾದರೂ ಮುಂದಿನ ಭೇಟಿಯವರೆಗೆ ಔಷಧ ಒಗ್ಗದಿದ್ದರೆ ನೋಡುವವರು ಯಾರು ಎಂದು ಮೊದಲೇ ಕೇಳಿಕೊಳ್ಳಬೇಕು. ಮೊಣಕಾಲಿಗೆ ಅಷ್ಟು ಅವಸರವಿಲ್ಲ, ಕಾಯಬಹುದು. ಹೊಸದಾಗಿ ಮಾತ್ರೆ ಶುರುಮಾಡಿ ಪದೇ ಪದೇ ಹೆಚ್ಚು ಕಡಿಮೆ ಮಾಡಬೇಕಾದ ಕಾಯಿಲೆಗೆ ನಾನಾದರೆ ಊರಲ್ಲೇ ಇರುವವರನ್ನು ಆರಿಸುತ್ತೇನೆ.

ನಂಬರ್ ಹಚ್ಚುವುದು ಹೇಗೆ, ಎಷ್ಟು ಹೊತ್ತಿಗೆ ಹೋದರೆ ಪಾಳಿ ಬೇಗ ಬರುತ್ತದೆ, ಡಾಕ್ಟರ ಕೋಣೆ ಮಹಡಿಯ ಮೇಲಿದೆಯೇ ಎಂದೂ ಕೇಳಿ. ಮೊಣಕಾಲು ನೋವಿನವರನ್ನು ಲಿಫ್ಟ್ ಇಲ್ಲದ ಮಹಡಿ ಹತ್ತಿಸುವ ದವಾಖಾನೆಗಳು ಬೇಕಾದಷ್ಟಿವೆ. ಬಿಪಿಎಲ್ ಕಾರ್ಡ್ ಇದ್ದು ಆಪರೇಶನ್ ಮಾತು ಬರುವ ಹಾಗಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆ ಆಸ್ಪತ್ರೆ ಇದೆಯೇ ಎಂದು ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದರಲ್ಲಿ ಸಿಗುತ್ತದೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರ್ ಚೀಟಿ ತರಬೇಕಾಗುತ್ತದೆ. ಖಾಸಗಿಯಲ್ಲಿ ನೇರವಾಗಿ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ತಕರಾರು ಶುರುವಾಗುತ್ತದೆ.

ಹೋದಾಗ ಬೋರ್ಡಿನ ಮೇಲಿನ ಪದವಿಯನ್ನು, ಖಾಸಗಿ ದವಾಖಾನೆಗಳಿಗೆ ಇರಬೇಕಾದ ಕೆಪಿಎಂಇ ನೋಂದಣಿ ಸಂಖ್ಯೆಯನ್ನು ಒಮ್ಮೆ ನೋಡಿ. ಎಲುಬಿನ ತಜ್ಞರಿಗೆ ಎಂಬಿಬಿಎಸ್ ಆದ ಮೇಲೆ ಎಂಎಸ್, ಡಿಎನ್‌ಬಿ ಅಥವಾ ಡಿ-ಆರ್ಥೋ ಇರುತ್ತದೆ. ಪರಿಚಯದವರು ಹೇಳಿದ್ದಾರೆಂದು ಇದನ್ನು ನೋಡದೆ ಬಿಡುವವರೇ ಹೆಚ್ಚು.

8. ಉತ್ತರ ಕೊಟ್ಟವರಿಗೆ ಮರಳಿ ತಿಳಿಸಿ

ಗೆಳೆಯ ಗಾಡಿ ಸರಿಯಾದ ದಿನವೇ ಬರೆಯಲಿಲ್ಲ. ವಾರ ಬಿಟ್ಟು, ಬಿಸಿಲಲ್ಲಿ ಬಾದಾಮಿಗೆ ಹೋಗಿ ಬಂದ ಮೇಲೆ ಅದೇ ಗುಂಪಿನಲ್ಲಿ ಬರೆದ: ‘ಪಂಪಿನ ಕಪ್ಲರ್ ಸುಟ್ಟಿತ್ರಿ. ವಿದ್ಯಾಗಿರ್ಯಾಗ ರಿಪೇರಿ ಆತು, ಪಂಪ್ ಬದಲಿ ಮಾಡ್ಲಿಲ್ಲ. ಬಾದಾಮಿತನ ಹೋಗಿ ಬಂದ್ಯಾ, ಬಂದ್ ಬಿದ್ದಿಲ್ಲ. ಗಾಡಿ ಬಿಸಿ ಇದ್ದಾಗ ಒಯ್ರಿ, ತಣ್ಣಗಾದ ಮ್ಯಾಲ ಒಯ್ದ್ರ ದೋಷ ಸಿಗಂಗಿಲ್ಲ. ಮಂಗಳವಾರ ಅಂಗಡಿ ಬಂದ್ ಇರ್ತೈತಿ.’ ಮಿಸ್ತ್ರಿಯ ನಂಬರನ್ನು ಮಾತ್ರ ಗುಂಪಿಗೆ ಹಾಕಲಿಲ್ಲ, ಕೇಳಿದವರಿಗೆ ಬೇರೆಯಾಗಿ ಕೊಟ್ಟ. ಕೆಲಸ ಮಾಡುವ ಹೊತ್ತಿನಲ್ಲಿ ಅಪರಿಚಿತರ ಫೋನ್ ಹೆಚ್ಚಾದರೆ ಆ ಮನುಷ್ಯ ಫೋನ್ ಎತ್ತುವುದನ್ನೇ ಬಿಡುತ್ತಾನೆ.